ಘಾಟ್ ತಿರುವಿನ ಲಾರಿ ಕಂಡರೆ ಕಾರು ಯಾಕೆ ಒದರುತ್ತದೆ?

ಕಳೆದ ದೀಪಾವಳಿಗೆ ಪುಣೆಯಿಂದ ಹುಬ್ಬಳ್ಳಿಗೆ ಹೊರಟಾಗ ಸ್ಟೀರಿಂಗ್ ನಮ್ಮ ಅಕ್ಕನ ಗಂಡನ ಕೈಯಲ್ಲಿತ್ತು. ಕಾರು ಹೊಸದು, ತಗೊಂಡು ಇನ್ನೂ ಎರಡು ತಿಂಗಳು. ಶಿರವಳ ದಾಟಿ ಖಂಬಾಟ್ಕಿ ಘಾಟ್ ಏರುತ್ತಿದ್ದೆವು. ಬಲಕ್ಕೆ ತಿರುಗುವ ಒಂದು ಮುರಕಿಯಲ್ಲಿ, ಎಡ ಅಂಚಿಗೆ, ಲಾರಿಯೊಂದು ಕೆಟ್ಟು ನಿಂತಿತ್ತು. ಹಿಂದಿನ ಗಾಲಿಗೆ ಕಲ್ಲು, ರಸ್ತೆಯ ಮೇಲೆ ಗಿಡದ ಟೊಂಗೆ. ನಮ್ಮ ಲೇನ್ ಪೂರ್ತಿ ಖಾಲಿ. ಆದರೂ ಕಾರಿನ ಮೀಟರ್ ಫಲಕ ಕೆಂಪಾಗಿ 'ಟಿಣ್ ಟಿಣ್ ಟಿಣ್' ಎಂದು ಒದರಿತು. ಹಿಂದಿನ ಸೀಟಿನಲ್ಲಿ ಮಲಗಿದ್ದ ಮಗು ಎದ್ದು ಅಳತೊಡಗಿತು.

'ಏನಪಾ ಇಂಜಿನಿಯರ್ ಸಾಹೇಬ್ರ, ನಿಂತ ಲಾರಿಗೂ ಹೆದರತೈತಲ್ಲ ನಿಮ್ಮ ಗಾಡಿ? ಇದನ್ನ ಬಂದ್ ಮಾಡೂದು ಎಲ್ಲಿ ಐತಿ ತೋರಸು' ಅಂದರು.

'ಮಾಮಾ, ಈಗ ಬ್ಯಾಡ್ರಿ, ಮೊದಲು ಘಾಟ್ ದಾಟ್ರಿ' ಅಂದೆ. ಆ ಕಾರಿನ ಸಾಫ್ಟ್‌ವೇರ್ ನಮ್ಮ ಕಂಪನಿಯದಲ್ಲ. ಆದರೆ ಕಳೆದ ಆರು ವರ್ಷಗಳಿಂದ ನನ್ನ ಹೊಟ್ಟೆ ತುಂಬಿಸುತ್ತಿರುವುದು ಅಂಥದ್ದೇ ಕೆಲಸ: ಮುಂದೆ ಡಿಕ್ಕಿಯಾಗುವಂತಿದ್ದರೆ ಎಚ್ಚರಿಸುವ, ಚಾಲಕ ಕೇಳದಿದ್ದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆಯನ್ನು ಹದಗೊಳಿಸುವುದು. ಹೀಗಾಗಿ ಸುರೂರಿನ ಹತ್ತಿರ ಚಹಾಕ್ಕೆ ನಿಂತಾಗ, ಕಾಗದದ ತಟ್ಟೆಯ ಹಿಂಬದಿಗೆ ಗೆರೆ ಎಳೆದು ಮಾಮಾ ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಹಬ್ಬಕ್ಕೆ ಊರಿಗೆ ಕಾರಿನಲ್ಲೇ ಹೋಗುವ ನಮ್ಮಂಥವರು ಬಹಳ ಜನ. ಹೊಸ ಕಾರು ಕೊಂಡವರೆಲ್ಲ ಇದೇ ಪ್ರಶ್ನೆ ಕೇಳುತ್ತಾರೆ.

ಮೊದಲು ಎಚ್ಚರಿಕೆ ಎಲ್ಲಿ ಬರಬೇಕು ಎಂಬ ಲೆಕ್ಕ ನೋಡೋಣ. ಘಾಟ್‌ನಲ್ಲಿ ನಾವು ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದೆವು ಎನ್ನಿ. ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಒಣ ಡಾಂಬರಿನ ಮೇಲೆ ಬ್ರೇಕನ್ನು ಪೂರ್ತಿ ಒತ್ತಿದರೆ ಈ ವೇಗದಲ್ಲಿ ಕಾರು ನಿಲ್ಲಲು 8 ಮೀಟರ್ ಸಾಕು. ಆದರೆ ಮನುಷ್ಯ ಸದ್ದು ಕೇಳಿ, ತಲೆ ಎತ್ತಿ, ಏನೆಂದು ತಿಳಿದು, ಕಾಲನ್ನು ಬ್ರೇಕ್ ಮೇಲೆ ಇಡುವಷ್ಟರಲ್ಲಿ ಸುಮಾರು 1.2 ಸೆಕೆಂಡ್ ಹೋಗುತ್ತದೆ. ಅಷ್ಟರಲ್ಲಿ ಕಾರು 13 ಮೀಟರ್ ಓಡಿರುತ್ತದೆ. ಎರಡೂ ಕೂಡಿ 21 ಮೀಟರ್. ರಸ್ತೆ ಸ್ವಲ್ಪ ಒದ್ದೆಯಿದ್ದರೆ, ಟೈರ್ ಸವೆದಿದ್ದರೆ ಎಂದು ಒಂದಿಷ್ಟು ಸೇರಿಸಿದರೆ 25 ಮೀಟರ್. ಎಚ್ಚರಿಕೆಯ ಗಂಟೆ ಬಾರಿಸುವುದಾದರೆ ಅಲ್ಲೇ ಬಾರಿಸಬೇಕು. ಅದಕ್ಕಿಂತ ತಡವಾದರೆ ಅದು ಎಚ್ಚರಿಕೆಯಲ್ಲ, ಸುದ್ದಿ ಮಾತ್ರ. ಕಾರು ತಾನೇ ಬ್ರೇಕ್ ಹಾಕುವುದಕ್ಕೆ ಮನುಷ್ಯನ ಆ 1.2 ಸೆಕೆಂಡ್ ಬೇಕಾಗಿಲ್ಲ. ಹೀಗಾಗಿ ಅದು ಇನ್ನೂ ಕಾಯಬಹುದು, ಹತ್ತು ಮೀಟರ್‌ನ ಆಸುಪಾಸಿನವರೆಗೂ.

ಈಗ ತಿರುವಿಗೆ ಬರೋಣ. ಆ 25 ಮೀಟರ್ ದೂರದಲ್ಲಿ ಕಾರಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ಲಾರಿ ಇರುವುದು ನನ್ನ ದಾರಿಯಲ್ಲೋ, ದಾರಿಯ ಪಕ್ಕದಲ್ಲೋ? ಇದಕ್ಕೆ ಉತ್ತರ ಹೇಳಬೇಕಾದರೆ 'ನನ್ನ ದಾರಿ' ಯಾವುದೆಂದು ಗೊತ್ತಿರಬೇಕು. ನಮಗೆ ರಸ್ತೆ ಬಲಕ್ಕೆ ಹೊರಳುವುದು ಕಣ್ಣಿಗೆ ಕಾಣುತ್ತದೆ. ಕಾರು ಅದನ್ನು ಮುಖ್ಯವಾಗಿ ಊಹಿಸುವುದು ತಾನು ಈ ಕ್ಷಣ ಎಷ್ಟು ತಿರುಗುತ್ತಿದ್ದೇನೆ ಎಂಬುದರಿಂದ. ಕಾರಿನೊಳಗೆ ಒಂದು ಸಣ್ಣ ಗೈರೋಸ್ಕೋಪ್ ಇರುತ್ತದೆ. ಕಾರಿನ ಮೂತಿ ಸೆಕೆಂಡಿಗೆ ಎಷ್ಟು ಡಿಗ್ರಿ ಹೊರಳುತ್ತಿದೆ ಎಂದು ಅದು ಹೇಳುತ್ತದೆ. ಅದನ್ನು ವೇಗದಿಂದ ಭಾಗಿಸಿದರೆ ದಾರಿಯ ಬಾಗು ಸಿಗುತ್ತದೆ. ಮುಂದಿನ ಎರಡು ಮೂರು ಸೆಕೆಂಡ್ ಇದೇ ಬಾಗಿನಲ್ಲಿ ಹೋಗುತ್ತೇನೆ ಎಂದು ಕಾರು ನಂಬಿಕೊಳ್ಳುತ್ತದೆ.

ತಿರುವಿನ ಬಾಯಿಗೆ ಬರುವವರೆಗೆ ಸ್ಟೀರಿಂಗ್ ನೆಟ್ಟಗೇ ಇರುತ್ತದಲ್ಲ? ಹಾಗಾಗಿ ಕಾರಿನ ಪ್ರಕಾರ ದಾರಿಯೂ ನೆಟ್ಟಗೆ. ರಸ್ತೆ ಮಾತ್ರ ಹಾಗಿಲ್ಲ. ತಿರುವಿನ ತ್ರಿಜ್ಯ R ಆದರೆ, x ದೂರ ಹೋಗುವಷ್ಟರಲ್ಲಿ ರಸ್ತೆ ನೇರ ಗೆರೆಯಿಂದ ಎಷ್ಟು ಪಕ್ಕಕ್ಕೆ ಸರಿದಿರುತ್ತದೆ ಎಂಬುದಕ್ಕೆ ಒಂದು ಸುಲಭ ಅಂದಾಜಿದೆ:

```
y = x² / (2R)
```

ಘಾಟ್ ತಿರುವಿನ ತ್ರಿಜ್ಯ 80 ಮೀಟರ್, ದೂರ 25 ಮೀಟರ್ ಎಂದು ಇಟ್ಟರೆ y ಸುಮಾರು 4 ಮೀಟರ್. ನಮ್ಮ ಹೆದ್ದಾರಿಯ ಒಂದು ಲೇನ್ ಅಗಲ 3.5 ಮೀಟರ್. ಅಂದರೆ ತಿರುವಿನ ಬಾಯಲ್ಲಿ ನಿಂತು ನೆಟ್ಟಗೆ ನೋಡಿದರೆ, 25 ಮೀಟರ್ ಮುಂದೆ ಕಾಣುವುದು ನಮ್ಮ ಲೇನ್ ಅಲ್ಲ, ಅದರ ಎಡಕ್ಕಿರುವ ರಸ್ತೆಯಂಚು. ಕೆಟ್ಟ ಲಾರಿ ನಿಲ್ಲುವುದು ಸರಿಯಾಗಿ ಅಲ್ಲೇ. ಸಾಫ್ಟ್‌ವೇರ್ ಕಣ್ಣಿಗೆ ಅದು ಮೂತಿಯ ಮುಂದೆ ಅಡ್ಡಗಟ್ಟಿ ನಿಂತ ಲಾರಿ, ಇನ್ನು 2.3 ಸೆಕೆಂಡಿನಲ್ಲಿ ಡಿಕ್ಕಿ. ಗಂಟೆ ಬಾರಿಸಿತು. ಅರ್ಧ ಸೆಕೆಂಡ್ ಆದ ಮೇಲೆ ಮಾಮಾ ಸ್ಟೀರಿಂಗ್ ಬಲಕ್ಕೆ ಎಳೆದರು, ಗೈರೋಸ್ಕೋಪ್‌ಗೆ ತಿರುವು ತಿಳಿಯಿತು, ಊಹೆಯ ದಾರಿ ಲಾರಿಯಿಂದ ಪಕ್ಕಕ್ಕೆ ಸರಿಯಿತು, ಗಂಟೆ ನಿಂತಿತು. ಬ್ರೇಕ್ ಹಾಕುವ ಗೆರೆ ಇನ್ನೂ ಮುಂದೆ ಇದ್ದುದರಿಂದ ಕಾರು ಬ್ರೇಕ್ ಮುಟ್ಟಲೇ ಇಲ್ಲ. ಎಡಕ್ಕೆ ತಿರುಗುವ ಮುರಕಿಯಲ್ಲಿ ಇದೇ ಕಥೆ ಎದುರಿನ ಕಬ್ಬಿಣದ ತಡೆಬೇಲಿಗೋ ಎದುರು ಬರುವ ಬಸ್ಸಿಗೋ ಆಗಬಹುದು.

ಇಲ್ಲಿ ಕೇಳಬೇಕಾದ ಮಾತೊಂದಿದೆ. ಮುಂದೆ ಕ್ಯಾಮೆರಾ ಇದೆ, ರೇಡಾರ್ ಇದೆ, ಅವು ರಸ್ತೆಯ ತಿರುವನ್ನೇ ನೋಡಬಾರದೆ? ನೋಡುತ್ತವೆ, ಬಿಳಿ ಗೆರೆ ಇದ್ದರೆ. ಎರಡೂ ಅಂಚಿಗೆ ಒಳ್ಳೆಯ ಗೆರೆ ಇರುವ ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಕ್ಯಾಮೆರಾ ತಿರುವನ್ನು ಮೊದಲೇ ಹೇಳಿಬಿಡುತ್ತದೆ, ಇಂಥ ಸುಳ್ಳು ಗಂಟೆಯೂ ಕಡಿಮೆ. ಘಾಟ್‌ನಲ್ಲಿ ಗೆರೆ ಮಾಸಿರುತ್ತದೆ, ಮಣ್ಣು ಮುಚ್ಚಿರುತ್ತದೆ ಅಥವಾ ಮುಂದಿನ ಟ್ರಕ್ಕಿನ ಹಿಂದೆ ಮರೆಯಾಗಿರುತ್ತದೆ.

ರೇಡಾರ್ ಕಥೆ ಬೇರೆ. 77 ಗಿಗಾಹರ್ಟ್ಸ್‌ನ ಈ ರೇಡಾರ್ ದೂರವನ್ನೂ ವೇಗವನ್ನೂ ಬಹಳ ಚೆನ್ನಾಗಿ ಅಳೆಯುತ್ತದೆ. ಓಡುತ್ತಿರುವ ವಾಹನ ಅದಕ್ಕೆ ಗುಂಪಿನಲ್ಲಿ ಎದ್ದು ಕಾಣುತ್ತದೆ. ನಿಂತ ವಸ್ತುಗಳು ಮಾತ್ರ ಎಲ್ಲವೂ ಒಂದೇ ವೇಗದಲ್ಲಿ, ಅಂದರೆ ನಮ್ಮದೇ ವೇಗದಲ್ಲಿ, ಹತ್ತಿರ ಬರುತ್ತವೆ: ಲಾರಿ, ತಡೆಬೇಲಿ, ಮೈಲುಗಲ್ಲಿನ ಫಲಕ, ಚರಂಡಿಯ ಕಬ್ಬಿಣದ ಮುಚ್ಚಳ, ಮೇಲ್ಸೇತುವೆ. ಮೇಲೆ ಕೆಳಗೆ ಎಂಬ ಎತ್ತರವನ್ನು ಹಳೆಯ ರೇಡಾರ್‌ಗಳು ಸರಿಯಾಗಿ ಬಿಡಿಸಲಾರವು. ಆದ್ದರಿಂದಲೇ ಮೊದಲ ತಲೆಮಾರಿನ ವ್ಯವಸ್ಥೆಗಳು ಎಂದೂ ಚಲಿಸಿದ್ದು ಕಾಣದ ವಸ್ತುವನ್ನು ಬಹುಮಟ್ಟಿಗೆ ಕಡೆಗಣಿಸುತ್ತಿದ್ದವು. ಆಗ ಸುಳ್ಳು ಗಂಟೆ ಇರಲಿಲ್ಲ, ನಿಂತ ಲಾರಿಗೆ ರಕ್ಷಣೆಯೂ ಇರಲಿಲ್ಲ.

ತಿರುವಿಲ್ಲದ ಕಡೆಯೂ ಒಂದು ಪೇಚು ಇದೆ. ಪುಣೆಯ ಪೇಠೆಗಳಲ್ಲೋ ಬೆಂಗಳೂರಿನ ಬಸವನಗುಡಿಯಲ್ಲೋ ರಸ್ತೆ ಪಕ್ಕ ನಿಲ್ಲಿಸಿದ ಕಾರಿನ ಮೂಲೆ ನಮ್ಮ ದಾರಿಗೆ ಒಂದು ಗೇಣು ಚಾಚಿಕೊಂಡಿರುತ್ತದೆ. ಚಾಲಕನಿಗೆ ಅದು ಲೆಕ್ಕಕ್ಕೇ ಇಲ್ಲ, ಹತ್ತಿರ ಹೋದಾಗ ಸ್ವಲ್ಪ ಬಲಕ್ಕೆ ಎಳೆದು ದಾಟುತ್ತಾನೆ. ಅರ್ಧ ಮೀಟರ್ ಪಕ್ಕಕ್ಕೆ ಸರಿಯಲು ಅರ್ಧ ಸೆಕೆಂಡ್ ಸಾಕು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಅರ್ಧ ಸೆಕೆಂಡ್ ಎಂದರೆ 7 ಮೀಟರ್. ಆದರೆ ಅದೇ ವೇಗದಲ್ಲಿ ಬ್ರೇಕ್ ಹಾಕಿ ನಿಲ್ಲಲು 12 ಮೀಟರ್ ಬೇಕು. ಈಗ ನೋಡಿ: 12ನೇ ಮೀಟರಿನಲ್ಲೇ ಕಾರು ಬ್ರೇಕ್ ಹಾಕಿದರೆ, ಆರಾಮಾಗಿ ಪಕ್ಕಕ್ಕೆ ಸರಿಯಬೇಕೆಂದಿದ್ದ ಚಾಲಕನನ್ನು ನಡುರಸ್ತೆಯಲ್ಲಿ ನಿಲ್ಲಿಸಿದಂತಾಗುತ್ತದೆ. 7ನೇ ಮೀಟರ್‌ವರೆಗೆ ಕಾದರೆ, ಚಾಲಕ ನಿಜಕ್ಕೂ ಮೊಬೈಲ್ ನೋಡುತ್ತಿದ್ದ ಪಕ್ಷದಲ್ಲಿ, ಬ್ರೇಕ್ ಹಾಕಿಯೂ ಗಂಟೆಗೆ 33 ಕಿ.ಮೀ. ವೇಗದಲ್ಲಿ ಗುದ್ದುತ್ತದೆ. ಸರಿಯುತ್ತಾನೋ ಇಲ್ಲವೋ ಎಂಬುದು ಆತನ ತಲೆಯೊಳಗಿದೆ, ನಮ್ಮ ಸೆನ್ಸರ್‌ಗೆ ಅಲ್ಲಿ ಪ್ರವೇಶವಿಲ್ಲ.

ನನ್ನ ಕೆಲಸದ ಬಹುಪಾಲು ಈ 7 ಮತ್ತು 12ರ ನಡುವಿನ 5 ಮೀಟರಿನಲ್ಲೇ ನಡೆಯುತ್ತದೆ. ಎಷ್ಟು ಅಗಲ ಅಡ್ಡವಿದೆ, ವಸ್ತುವನ್ನು ಎಷ್ಟು ಹೊತ್ತಿನಿಂದ ನೋಡುತ್ತಿದ್ದೇವೆ, ಕ್ಯಾಮೆರಾವೂ ರೇಡಾರೂ ಒಪ್ಪುತ್ತವೆಯೇ, ಚಾಲಕ ಇಂಡಿಕೇಟರ್ ಹಾಕಿದ್ದಾನೆಯೇ, ಸ್ಟೀರಿಂಗ್ ಅಲುಗುತ್ತಿದೆಯೇ, ಆಕ್ಸಿಲರೇಟರ್ ಒತ್ತಿದ್ದಾನೆಯೇ ಎಂದೆಲ್ಲ ನೋಡಿ ಗೆರೆಯನ್ನು ಆಚೆ ಈಚೆ ಸರಿಸುತ್ತೇವೆ. ಎಚ್ಚರಿಕೆಗೆ ಒಂದು ಅಳತೆ, ಬ್ರೇಕಿಗೆ ಇನ್ನೊಂದು. ಗಂಟೆ ಸುಮ್ಮನೆ ಬಾರಿಸಿದರೆ ಮಗು ಎದ್ದೀತು. ಬ್ರೇಕ್ ಸುಮ್ಮನೆ ಬಿದ್ದರೆ ಹಿಂದೆ ಬರುವ ಟ್ರಕ್ಕಿನವನಿಗೆ ತನ್ನ ಕಾಲು ಬಿಟ್ಟು ಬೇರೆ ರಕ್ಷಣೆಯಿಲ್ಲ. ಹೀಗಾಗಿ ಒಂದೇ ಸೆನ್ಸರ್ ಹೇಳಿದರೂ ಗಂಟೆ ಬಾರಿಸಬಹುದು, ಪೂರ್ತಿ ಬ್ರೇಕ್ ಹಾಕಲು ಸಾಮಾನ್ಯವಾಗಿ ಎರಡೂ ಒಪ್ಪಬೇಕು. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 152ನೆಯದು ಈ ವ್ಯವಸ್ಥೆಗೇ ಮೀಸಲು. ಡಿಕ್ಕಿ ತಪ್ಪಿಸುವುದನ್ನು ಪರೀಕ್ಷಿಸುವುದರ ಜೊತೆಗೆ, ಸುಮ್ಮಸುಮ್ಮನೆ ಪ್ರತಿಕ್ರಿಯಿಸುವ ಸಂದರ್ಭಗಳನ್ನೂ ಅದು ಗಮನಕ್ಕೆ ತೆಗೆದುಕೊಳ್ಳುತ್ತದೆ. ತಿರುವಿನ ಹೊರ ಅಂಚಿನ ತಡೆಬೇಲಿಯ ಹಿಂದೆ ನಿಂತ ವಾಹನ ಅಂಥ ಒಂದು ಸಂದರ್ಭ. ಅಂದರೆ ಮಾಮಾ ಅವರ ಲಾರಿ ಖಂಬಾಟ್ಕಿಗಷ್ಟೇ ಸೀಮಿತವಲ್ಲ.

ಹಾಗಾದರೆ ತಿರುವಿನ ಗಂಟೆಯನ್ನು ಸರಿಪಡಿಸಿಬಿಡಿ ಎನ್ನುತ್ತೀರಿ. ನಾವೂ ಹಾಗೇ ಅಂದುಕೊಂಡಿದ್ದೆವು. ಒಂದು ಯೋಜನೆಯಲ್ಲಿ ಘಾಟ್ ರಸ್ತೆಗಳ ಸುಳ್ಳು ಗಂಟೆಗಳ ಬಗ್ಗೆ ಪರೀಕ್ಷಾ ಚಾಲಕರಿಂದ ದೂರುಗಳು ಬಂದಿದ್ದವು. ಸುಲಭದ ಉಪಾಯವೊಂದು ಹೊಳೆಯಿತು: ಚಲಿಸಿದ್ದನ್ನು ಎಂದೂ ಕಾಣದ ವಸ್ತುವಾದರೆ, ಅದು ವಾಹನವೇ ಎಂದು ಕ್ಯಾಮೆರಾ ಖಚಿತಪಡಿಸಲು ಇನ್ನೊಂದು 0.6 ಸೆಕೆಂಡ್ ಕೊಡೋಣ. ಅಷ್ಟರಲ್ಲಿ ಚಾಲಕ ಸ್ಟೀರಿಂಗ್ ತಿರುಗಿಸಿರುತ್ತಾನೆ, ಗಂಟೆ ಬೇಕಾಗುವುದೇ ಇಲ್ಲ. ಮೂರು ಸಾಲಿನ ಬದಲಾವಣೆ.

ಇಂಥ ಬದಲಾವಣೆ ಮಾಡಿದಾಗ ಅದನ್ನು ಹಿಂದೆ ಓಡಿಸಿದ ಪ್ರಯಾಣಗಳ ಮೇಲೆ ಮತ್ತೆ ಓಡಿಸಿ ನೋಡುತ್ತೇವೆ. ಪರೀಕ್ಷಾ ಕಾರುಗಳು ಸಾವಿರಾರು ಕಿಲೋಮೀಟರ್ ತಿರುಗಿ ಕ್ಯಾಮೆರಾ, ರೇಡಾರ್, ಗೈರೋಸ್ಕೋಪ್ ಹೇಳಿದ್ದನ್ನೆಲ್ಲ ಡಿಸ್ಕಿನಲ್ಲಿ ತುಂಬಿ ತಂದಿರುತ್ತವೆ. ಹೊಸ ಸಾಫ್ಟ್‌ವೇರ್‌ಗೆ ಅದನ್ನೇ ಉಣಿಸಿದರೆ ಎರಡು ಪಟ್ಟಿ ಬರುತ್ತವೆ: ಹೊಸದಾಗಿ ಬಾರಿಸಿದ ಗಂಟೆಗಳು, ಮೊದಲು ಬಾರಿಸಿ ಈಗ ಬಾರಿಸದೆ ಹೋದವು. ಎರಡನೇ ಪಟ್ಟಿಯ ಒಂದೊಂದು ಘಟನೆಯ ವಿಡಿಯೊವನ್ನೂ ಯಾರಾದರೂ ಕೂತು ನೋಡಬೇಕು. ಬೇಸರದ ಕೆಲಸ, ಹೊಸದಾಗಿ ಸೇರಿದವರ ಪಾಲಿಗೇ ಬೀಳುವುದು ಹೆಚ್ಚು. ಆ ಸಲ ನನ್ನ ಪಾಲಿಗೆ ಬಿದ್ದಿತ್ತು.

ಘಾಟ್‌ನ ಗಂಟೆಗಳು ಒಂದಾದ ಮೇಲೊಂದು ಮಾಯವಾಗಿದ್ದವು, ಖುಷಿಯಾಯಿತು. ನಡುವೆ ಒಂದು ರಾತ್ರಿಯ ವಿಡಿಯೊ ಬಂತು. ಕಾಗಲ್–ನಿಪ್ಪಾಣಿ ಕಡೆಯ ನೆಟ್ಟನೆಯ ರಸ್ತೆ. ಹೆಡ್‌ಲೈಟಿನ ಬೆಳಕಿನ ಅಂಚಿನಲ್ಲಿ ಕಬ್ಬು ಹೇರಿದ ಟ್ರೇಲರ್ ನಿಂತಿದೆ. ಹಿಂದೆ ದೀಪವಿಲ್ಲ, ಪ್ರತಿಫಲಕವಿಲ್ಲ. ಕಬ್ಬಿನ ಗಳಗಳು ಹಿಂದಕ್ಕೆ ಚಾಚಿ ಟ್ರೇಲರಿನ ಆಕಾರವನ್ನೇ ಮುಚ್ಚಿವೆ. ಆ ಭಾಗದಲ್ಲಿ ಕಬ್ಬಿನ ಹಂಗಾಮಿನಲ್ಲಿ ಓಡಾಡಿದವರಿಗೆ ಹೇಳಬೇಕಿಲ್ಲ. ಹಳೆಯ ಸಾಫ್ಟ್‌ವೇರ್ 45 ಮೀಟರ್ ದೂರದಲ್ಲಿ ಗಂಟೆ ಬಾರಿಸಿತ್ತು, ರೇಡಾರ್ ಮಾತು ನಂಬಿ. ಪರೀಕ್ಷಾ ಚಾಲಕ ಬ್ರೇಕ್ ಒತ್ತಿ ಬಲಕ್ಕೆ ಎಳೆದು ಪಾರಾಗಿದ್ದ. ನಮ್ಮ ಹೊಸ ಸಾಫ್ಟ್‌ವೇರ್ ಕ್ಯಾಮೆರಾ ಒಪ್ಪಿಗೆಗೆ ಕಾಯುತ್ತ ಕೂತಿತ್ತು. ಕಬ್ಬಿನ ರಾಶಿಯನ್ನು ವಾಹನವೆಂದು ಹೇಳಲು ಕ್ಯಾಮೆರಾಗೆ ಮನಸ್ಸಾಗಿರಲಿಲ್ಲ.

ಆ 0.6 ಸೆಕೆಂಡಿನ ಬೆಲೆ ಎಷ್ಟೆಂದು ಕಾಗದದ ಮೇಲೆ ಬರೆದೆ. ವೇಗ ಗಂಟೆಗೆ 70 ಕಿ.ಮೀ., ಸೆಕೆಂಡಿಗೆ 19.4 ಮೀಟರ್. 45 ಮೀಟರಿನಲ್ಲಿ ಗಂಟೆ ಬಾರಿಸಿ, ಚಾಲಕ 1.2 ಸೆಕೆಂಡಿಗೆ ಬ್ರೇಕ್ ಒತ್ತಿದರೆ ಉಳಿಯುವುದು ಸುಮಾರು 22 ಮೀಟರ್. ಪಕ್ಕಕ್ಕೆ ಎಳೆಯದೆ ಬರೀ ಬ್ರೇಕ್ ಹಾಕಿದರೂ ತಗಲುವಾಗ ವೇಗ ಗಂಟೆಗೆ 20 ಕಿ.ಮೀ.ಗೆ ಇಳಿದಿರುತ್ತದೆ. ಬಾನೆಟ್ ನುಗ್ಗಾಗುತ್ತದೆ, ಜನ ಇಳಿದು ನಡೆಯುತ್ತಾರೆ. 0.6 ಸೆಕೆಂಡ್ ತಡವಾಗಿ, 33 ಮೀಟರಿನಲ್ಲಿ ಗಂಟೆ ಬಾರಿಸಿದರೆ ಬ್ರೇಕಿಗೆ ಉಳಿಯುವುದು 10 ಮೀಟರ್. ತಗಲುವಾಗಿನ ವೇಗ 53 ಕಿ.ಮೀ. ಅದೂ ಗಾಜಿನ ಎತ್ತರಕ್ಕೆ ಚಾಚಿದ ಕಬ್ಬಿನ ಕೆಳಗೆ.

ಮೂರು ಸಾಲಿನ ಬದಲಾವಣೆಯನ್ನು ಅದೇ ದಿನ ಕಿತ್ತುಹಾಕಿದೆವು. ತಪ್ಪು ಎಲ್ಲಾಗಿತ್ತೆಂದರೆ, ಲಾರಿ ಲಾರಿಯೇ ಎಂಬುದರಲ್ಲಿ ಘಾಟ್‌ನಲ್ಲಿ ಯಾವ ಅನುಮಾನವೂ ಇರಲಿಲ್ಲ. ಅನುಮಾನವಿದ್ದುದು ನಮ್ಮ ದಾರಿಯ ಬಗ್ಗೆ. ನಾವು ದಾರಿಯ ರೋಗಕ್ಕೆ ಲಾರಿಗೆ ಮದ್ದು ಹಾಕಿದ್ದೆವು. ಎರಡನೇ ಸಲ ದಾರಿಯ ಊಹೆಯನ್ನೇ ತಿದ್ದಿದೆವು. ಬಿಳಿ ಗೆರೆ ಕಾಣದಿದ್ದರೂ ತಡೆಬೇಲಿಯ ಕಂಬಗಳು, ಗುಡ್ಡದ ಗೋಡೆ ರೇಡಾರ್‌ಗೆ ಸಾಲು ಚುಕ್ಕಿಗಳಾಗಿ ಕಾಣುತ್ತವೆ. ಆ ಸಾಲು ಬಲಕ್ಕೆ ಬಾಗಿದ್ದರೆ ರಸ್ತೆಯೂ ಬಾಗಿರಬೇಕು. ಮುಂದೆ ಹೋಗುತ್ತಿರುವ ವಾಹನ ಬಲಕ್ಕೆ ಹೊರಳಿದ್ದರೆ ಅದೂ ಒಂದು ಸಾಕ್ಷಿ. ಇಂಥ ಸಾಕ್ಷಿ ಸಿಕ್ಕಾಗ ಮಾತ್ರ ಗಂಟೆ ಸ್ವಲ್ಪ ಕಾಯುತ್ತದೆ. ನೆಟ್ಟನೆಯ ರಸ್ತೆಯಲ್ಲಿ ಏನೂ ಬದಲಾಗುವುದಿಲ್ಲ, ಕಬ್ಬಿನ ಟ್ರೇಲರ್‌ಗೆ ಮೊದಲಿನಂತೆಯೇ 45 ಮೀಟರ್. ಘಾಟ್‌ನ ಸುಳ್ಳು ಗಂಟೆಗಳು ಕಡಿಮೆಯಾದವು, ಆದರೆ ಪೂರ್ತಿ ಹೋಗಲಿಲ್ಲ. ಗೆರೆಯೂ ಇಲ್ಲದ, ಬೇಲಿಯೂ ಇಲ್ಲದ, ಮುಂದೆ ವಾಹನವೂ ಇಲ್ಲದ ತಿರುವಿನಲ್ಲಿ ಕಾರಿಗೆ ಹಿಡಿದುಕೊಳ್ಳಲು ಏನೂ ಇಲ್ಲ.

ಕಾರಿನವರಿಗೆ ಉಪಯೋಗವಾಗುವ ಮಾತೆಂದರೆ, ಇಂಥ ಗಂಟೆ ತಿರುವಿನಲ್ಲಿ, ನಿಂತ ವಾಹನದ ಹತ್ತಿರ, ಅರೆ ಸೆಕೆಂಡು ಬಾರಿಸಿ ನಿಂತರೆ ಅದು ಮೇಲೆ ಹೇಳಿದ ಲೆಕ್ಕದ ಫಲ, ಕಾರು ಕೆಟ್ಟಿಲ್ಲ. ನೆಟ್ಟನೆಯ ರಸ್ತೆಯಲ್ಲಿ, ಯಾವಾಗಲೂ ಒಂದೇ ಪಕ್ಕದ ವಾಹನಗಳಿಗೆ ಬಾರಿಸುತ್ತಿದ್ದರೆ ಅನುಮಾನ ಪಡಿ. ಬಂಪರ್ ಹಿಂದಿನ ರೇಡಾರ್ ಒಂದೇ ಒಂದು ಡಿಗ್ರಿ ಓರೆಯಾದರೂ 50 ಮೀಟರ್ ದೂರದ ವಾಹನ ಸುಮಾರು 90 ಸೆಂಟಿಮೀಟರ್ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಪಕ್ಕದ ಲೇನಿನವ ನಮ್ಮ ಲೇನಿಗೆ ಬಂದಂತೆಯೇ. ಪಾರ್ಕಿಂಗ್‌ನಲ್ಲಿ ಬಂಪರ್ ತಗಲಿಸಿಕೊಂಡ ಮೇಲೆ ಅಥವಾ ಮುಂದಿನ ಗಾಜು ಬದಲಿಸಿದ ಮೇಲೆ ಹೀಗಾಗಿದ್ದರೆ ಸರ್ವಿಸ್ ಸೆಂಟರಿನವರಿಗೆ ಕ್ಯಾಲಿಬ್ರೇಷನ್ ಮಾಡಿಸಿ ಎಂದು ಬಾಯಿಬಿಟ್ಟು ಕೇಳಿ. ಗಾಜು ಬದಲಿಸಿದಾಗ ಬಿಲ್ಲಿನಲ್ಲಿ ಅದಕ್ಕೆ ಬೇರೆ ಸಾಲು ಇದೆಯೇ ಎಂದೂ ನೋಡಿ. ನಂಬರ್ ಪ್ಲೇಟ್ ಸುತ್ತ ಹಾಕಿಸುವ ಲೋಹದ ಅಲಂಕಾರ, ಬಂಪರ್ ಮುಂದಿನ ಕಬ್ಬಿಣದ ಗಾರ್ಡ್ ರೇಡಾರ್‌ಗೆ ಅಡ್ಡ ಬಂದರೆ ಎಂಥ ಹದವೂ ಕೆಲಸಕ್ಕೆ ಬಾರದು.

ಮೆನುವಿನಲ್ಲಿ ಎಚ್ಚರಿಕೆ ಬೇಗ, ಮಧ್ಯಮ, ತಡ ಎಂಬ ಆಯ್ಕೆ ಹಲವು ಕಾರುಗಳಲ್ಲಿರುತ್ತದೆ. ಅದು ಸಾಮಾನ್ಯವಾಗಿ ಗಂಟೆಯ ಗೆರೆಯನ್ನಷ್ಟೇ ಸರಿಸುತ್ತದೆ, ಬ್ರೇಕಿನ ಗೆರೆಯನ್ನಲ್ಲ. ಮಾಮಾ ಅವರ ಕಾರಿನಲ್ಲಿ ಅದು 'ಬೇಗ'ದಲ್ಲಿತ್ತು. ಚಹಾ ಮುಗಿಸಿ ಅದನ್ನು 'ಮಧ್ಯಮ'ಕ್ಕೆ ತಂದು ಕೊಟ್ಟೆ. ಬಂದ್ ಮಾಡುವುದನ್ನು ಮಾತ್ರ ತೋರಿಸಲಿಲ್ಲ.

ಕೊಲ್ಹಾಪುರ ದಾಟುವಷ್ಟರಲ್ಲಿ ಕತ್ತಲಾಗಿತ್ತು. ಕಾಗಲ್ ಆದ ಮೇಲೆ ಎಡ ಅಂಚಿಗೆ ದೀಪವಿಲ್ಲದ ಎರಡು ಟ್ರೇಲರ್ ಒಂದರ ಹಿಂದೊಂದು ಹೋಗುತ್ತಿದ್ದವು. ಕಬ್ಬಿನ ತುದಿ ರಸ್ತೆ ಗುಡಿಸುತ್ತಿತ್ತು. ಮಾಮಾ ಮಾತಾಡದೆ ವೇಗ ಇಳಿಸಿ ದಾಟಿಸಿದರು. ನಿಪ್ಪಾಣಿ ಬಿಟ್ಟು ತವಂದಿ ಘಾಟ್ ತಿರುವಿಗೆ ಬಂದಾಗ ಕಾರು ಮತ್ತೊಮ್ಮೆ ಒದರಿತು, ನಿಂತಿದ್ದ ಟ್ರಕ್ಕೊಂದಕ್ಕೆ. ಅಕ್ಕ ಮಗುವಿನ ಕಿವಿ ಮುಚ್ಚಿದಳು.

ನಾನು ಮೆನು ಕಡೆ ಕೈ ಚಾಚಿದೆ. 'ಇರಲಿ ಬಿಡಪಾ, ಒದರಲಿ' ಅಂದರು ಮಾಮಾ.